ರಾತ್ರಿ ಪಾಳಿ ಯಾರ ಪಾಲಿಗೆ?

ನಮ್ಮ ಜಿಲ್ಲೆಯ ಒಂದು ಸಣ್ಣ ಆಸ್ಪತ್ರೆಯ ಹೆಂಗಸರ ವಾರ್ಡಿನ ಮೂರು ತಿಂಗಳ ಹಾಜರಿ ಪುಸ್ತಕವನ್ನು ಕಳೆದ ವರ್ಷ ನಾನು ಕುಳಿತು ಲೆಕ್ಕ ಹಾಕಿದೆ. ಆ ಪುಸ್ತಕ ನನ್ನ ಕೈಗೆ ಬಂದದ್ದು ಹೀಗೆ. ಒಂದು ಸಂಜೆ ಇಬ್ಬರು ದಾದಿಯರು ಪಕ್ಷದ ಕಚೇರಿಗೆ ಬಂದರು. ಇಬ್ಬರೂ ಗುತ್ತಿಗೆಯ ಮೇಲೆ ಸೇರಿದವರು. "ಮೇಷ್ಟ್ರೇ, ನಮಗೆ ಸಂಬಳ ಕಡಿಮೆ ಎಂಬುದು ಗೊತ್ತಿದ್ದೇ ಸೇರಿದೆವು. ಆದರೆ ರಾತ್ರಿಯೆಲ್ಲಾ ನಮ್ಮದೇ ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ" ಎಂದರು. ಮೇಲಿನವರನ್ನು ಕೇಳಿದರೆ, ಪಾಳಿ ಎಲ್ಲರಿಗೂ ಸರದಿಯ ಮೇಲೆಯೇ ಬರುತ್ತದೆ ಎಂಬ ಉತ್ತರ. ಅನ್ಯಾಯವೆಂದು ಕೂಗಿದರೆ ಸಾಲದು, ಎಣಿಸಿ ತೋರಿಸಬೇಕು ಎಂದು ಹೇಳಿ ನಾನು ಪುಸ್ತಕದ ನಕಲು ತರಿಸಿಕೊಂಡೆ.

ವಾರ್ಡಿನಲ್ಲಿ 24 ಮಂಚ. ಮೇಲ್ವಿಚಾರಣೆಯ ಸಿಸ್ಟರನ್ನು ಬಿಟ್ಟರೆ ಪಾಳಿ ಮಾಡುವವರು 8 ಜನ. ಬೆಳಿಗ್ಗೆ 8ರಿಂದ ಮಧ್ಯಾಹ್ನ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಮರುದಿನ ಬೆಳಿಗ್ಗೆ 8: ಹೀಗೆ ಮೂರು ಪಾಳಿ. ಮೊದಲ ಎರಡು ಆರಾರು ಗಂಟೆಯವು, ರಾತ್ರಿಯದು ಹನ್ನೆರಡು ಗಂಟೆಯದು. ರಾತ್ರಿಗೆ ಒಬ್ಬರೇ. ರಾತ್ರಿಯನ್ನು ವಾರದ ಲೆಕ್ಕದಲ್ಲಿ ಹಾಕುತ್ತಿದ್ದರು. ಭಾನುವಾರ ರಾತ್ರಿ ಹೋದವರು ಏಳು ರಾತ್ರಿ ಮುಗಿಸಿ ಮುಂದಿನ ಭಾನುವಾರ ಬೆಳಿಗ್ಗೆ 8ಕ್ಕೆ ಹೊರಗೆ ಬರುವುದು. ಆ ಭಾನುವಾರವೇ ಅವರ ವಾರದ ರಜೆ. ಸೋಮವಾರ ಬೆಳಿಗ್ಗೆ 8ಕ್ಕೆ ಮತ್ತೆ ಬೆಳಗಿನ ಪಾಳಿ.

13 ವಾರಗಳಲ್ಲಿ 91 ರಾತ್ರಿ. ಎಂಟು ಜನರಿಗೆ ಹಂಚಿದರೆ ತಲೆಗೆ ಹನ್ನೊಂದೋ ಹನ್ನೆರಡೋ ಬರಬೇಕು. ಪುಸ್ತಕ ಹೇಳಿದ್ದು ಬೇರೆ. ಗುತ್ತಿಗೆಯ ಇಬ್ಬರಿಗೆ ತಲಾ 28. ಖಾಯಂ ನೌಕರಿಯ ಕಿರಿಯರು ಮೂವರಿಗೆ 14, 14 ಮತ್ತು 7. ಹಿರಿಯರು ಮೂವರಿಗೆ ಸೊನ್ನೆ. ಗಂಟೆಯ ಲೆಕ್ಕ ಇನ್ನೂ ಸ್ಪಷ್ಟ. ರಾತ್ರಿಯ ವಾರವೆಂದರೆ 84 ಗಂಟೆ, ಹಗಲಿನ ವಾರವೆಂದರೆ 36 ಗಂಟೆ. ಹಿರಿಯರು ಮೂರು ತಿಂಗಳೂ ವಾರಕ್ಕೆ 36 ಗಂಟೆ ದುಡಿದಿದ್ದರೆ, ಗುತ್ತಿಗೆಯವರದು ಸರಾಸರಿ ವಾರಕ್ಕೆ 50 ಗಂಟೆಗೂ ಮೇಲೆ. ಒಂದೇ ವಾರ್ಡು, ಒಂದೇ ಕೆಲಸ, ಕಡಿಮೆ ಸಂಬಳದವರದೇ ಹೆಚ್ಚು ದುಡಿಮೆ! ಸರದಿ ಇತ್ತು ಎಂಬುದು ಸುಳ್ಳಲ್ಲ. ಐದು ಜನರ ನಡುವೆ ಇತ್ತು, ಅದರಲ್ಲಿಯೂ ಕುಂಟುತ್ತಿತ್ತು.

ಇಷ್ಟು ತಿಳಿದ ಮೇಲೆ ಮೇಲಿನವರನ್ನು ಬೈಯುವುದು ಸುಲಭವಾಗಿತ್ತು. ಆದರೆ ಬೈದ ಮೇಲೆ ಅವರು "ಸರಿ, ನೀವೇ ಪಟ್ಟಿ ಮಾಡಿಕೊಡಿ" ಎಂದರೆ? ಶಾಲೆಯಲ್ಲಿ ಆರು ವರ್ಷ ವೇಳಾಪಟ್ಟಿ ಬರೆದ ಅನುಭವ ನನ್ನದು. ಒಬ್ಬ ಮೇಷ್ಟರ ಒಂದು ಪೀರಿಯಡ್ಡು ಸರಿಸಿದರೆ ಇಡೀ ಹಾಳೆ ಹೇಗೆ ಅಲ್ಲಾಡುತ್ತದೆಂದು ನಾನು ಬಲ್ಲೆ. ಆದ್ದರಿಂದ ಬೇಡಿಕೆಯ ಪತ್ರ ಬರೆಯುವ ಮುಂಚೆ ಪಟ್ಟಿಯನ್ನೇ ಬರೆಯೋಣವೆಂದು ದಾದಿಯರೊಡನೆ ಕುಳಿತೆ.

ಮೊದಲು ಬಿಡಿಸಿಕೊಳ್ಳಬೇಕಾದದ್ದು "ರಜೆ" ಎಂಬ ಮಾತನ್ನು. ರಾತ್ರಿಯೆಲ್ಲಾ ದುಡಿದು ಬೆಳಿಗ್ಗೆ 8ಕ್ಕೆ ಚಾರ್ಜು ಒಪ್ಪಿಸಿ ಮನೆ ಸೇರಿದವಳು ಆ ಹಗಲು ನಿದ್ದೆ ಮಾಡುತ್ತಾಳೆ. ಹಗಲಿನ ನಿದ್ದೆ ರಾತ್ರಿಯದಕ್ಕಿಂತ ಚಿಕ್ಕದು. ಬಿಸಿಲು, ಬೀದಿಯ ಗಲಾಟೆ, ಮನೆಯ ಮಕ್ಕಳು ಒಂದು ಕಡೆ, ದೇಹದ ಸ್ವಭಾವವೇ ಇನ್ನೊಂದು ಕಡೆ. ಆ ದಿನವನ್ನು ರಜೆಯೆಂದು ಲೆಕ್ಕಕ್ಕೆ ಹಿಡಿದರೆ ಆಕೆಗೆ ರಜೆ ಸಿಗಲೇ ಇಲ್ಲ, ನಿದ್ದೆ ಮಾತ್ರ ಸಿಕ್ಕಿತು, ಅದೂ ಅರ್ಧ. ಈ ಚಮತ್ಕಾರ ನಮ್ಮ ಆಸ್ಪತ್ರೆಯವರು ಕಂಡುಹಿಡಿದದ್ದೇನೂ ಅಲ್ಲ. 1948ರ ಫ್ಯಾಕ್ಟರಿ ಕಾಯಿದೆಯ 57ನೆಯ ಕಲಮು, ಮಧ್ಯರಾತ್ರಿ ದಾಟುವ ಪಾಳಿಯವನಿಗೆ ರಜೆಯ ದಿನವೆಂದರೆ ಪಾಳಿ ಮುಗಿದ ಗಳಿಗೆಯಿಂದ 24 ಗಂಟೆ ಎಂದು ಬರೆದಿತ್ತು. ಕಾರ್ಮಿಕರ ರಕ್ಷಣೆಗೆಂದು ಮಾಡಿದ ಕಾಯಿದೆಯೇ ನಿದ್ದೆಯನ್ನು ರಜೆಯ ಖಾತೆಗೆ ಜಮಾ ಮಾಡಿದ ಮೇಲೆ ಒಂದು ಸಣ್ಣ ಊರಿನ ಆಸ್ಪತ್ರೆಯನ್ನು ಏನೆನ್ನೋಣ! ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1977ರಲ್ಲಿ ದಾದಿಯರ ವಿಷಯಕ್ಕೇ ಮಾಡಿದ 157ನೆಯ ಶಿಫಾರಸು ಇದಕ್ಕಿಂತ ಮಾನವೀಯವಾಗಿದೆ. ಎರಡು ಪಾಳಿಗಳ ನಡುವೆ 12 ಗಂಟೆಯಾದರೂ ಬಿಡುವು, ವಾರದ ವಿಶ್ರಾಂತಿ 48 ಗಂಟೆ, ಯಾವ ಕಾರಣಕ್ಕೂ 36ಕ್ಕೆ ಕಡಿಮೆಯಿಲ್ಲ ಎನ್ನುತ್ತದೆ ಅದು. ಶಿಫಾರಸು ಕಾನೂನಲ್ಲ. ಆದರೂ ಅಳೆಯಲು ಒಂದು ಕೋಲು ಸಿಕ್ಕಿತು.

ಆದ್ದರಿಂದ ನಮ್ಮ ಪಟ್ಟಿಯಲ್ಲಿ ನಿದ್ದೆಯ ದಿನಕ್ಕೆ ಬೇರೆ ಅಕ್ಷರ, ರಜೆಯ ದಿನಕ್ಕೆ ಬೇರೆ ಅಕ್ಷರ ಇಟ್ಟೆವು. "ನಿ" ಎಂದರೆ ನಿದ್ದೆ, "ರ" ಎಂದರೆ ರಜೆ. ಬೆಳಗಿಗೆ "ಬೆ", ಮಧ್ಯಾಹ್ನಕ್ಕೆ "ಮ", ರಾತ್ರಿಗೆ "ರಾ". ಬೆಳಿಗ್ಗೆ ಇಬ್ಬರು, ಮಧ್ಯಾಹ್ನ ಇಬ್ಬರು, ರಾತ್ರಿ ಒಬ್ಬರು ಇರಲೇಬೇಕು ಎಂಬುದು ಕನಿಷ್ಠ. ಇಷ್ಟಕ್ಕೆ ಎಷ್ಟು ಜನ ಬೇಕು? ಆರು ಜನರಾದರೆ ವಾರಕ್ಕೆ 42 ದಿನದಾಳು. ಬೇಕಾದ್ದು 35 ಪಾಳಿ. ಉಳಿಯುವುದು 7 ದಿನ. ಆರು ಜನರ ವಾರದ ರಜೆಗೇ ಆರು ಹೋದರೆ, ವಾರದ ಏಳು ರಾತ್ರಿಗಳ ನಿದ್ದೆಗೆ ಉಳಿಯುವುದು ಒಂದೇ ದಿನ. ಅಂದರೆ ಆರು ಜನರಿಂದ ಇದನ್ನು ನಡೆಸುವವರು ಯಾರದೋ ನಿದ್ದೆಯನ್ನು ಕದ್ದೇ ನಡೆಸಬೇಕು. ಏಳು ಜನರಾದರೆ ಸರಿಹೊಂದುತ್ತದೆ. ಏಳು ದಿನದ ಸರಪಣಿ: ಬೆ, ಬೆ, ಮ, ಮ, ರಾ, ನಿ, ರ. ಒಬ್ಬೊಬ್ಬರು ಒಂದೊಂದು ದಿನ ಮುಂದೆ ಹಿಂದೆ ನಿಂತರೆ ಪ್ರತಿ ದಿನವೂ ಇಬ್ಬರು ಬೆಳಿಗ್ಗೆ, ಇಬ್ಬರು ಮಧ್ಯಾಹ್ನ, ಒಬ್ಬರು ರಾತ್ರಿ ತಾನಾಗಿ ಸಿಗುತ್ತಾರೆ.

ಈ ಸರಪಣಿ ನನ್ನ ಕಣ್ಣಿಗೆ ಬಹಳ ಚೆನ್ನಾಗಿ ಕಂಡಿತು. ಹಾಳೆಯ ಮೇಲೆ ಬರೆದು ಹೆಮ್ಮೆಯಿಂದ ತೋರಿಸಿದೆ. ಗುತ್ತಿಗೆಯ ಆ ಇಬ್ಬರಲ್ಲಿ ಕಿರಿಯಾಕೆ ಅದನ್ನು ಸ್ವಲ್ಪ ಹೊತ್ತು ನೋಡಿ, "ಸಾರ್, ನಾನು ಆರನೆಯವಳು. ನನಗೆ ಮೊದಲ ರಾತ್ರಿ ಭಾನುವಾರ ಬಂದಿದೆ. ಮುಂದಿನ ರಾತ್ರಿ ಯಾವಾಗ?" ಎಂದಳು. ಎಣಿಸಿದೆ. ಮುಂದಿನ ಭಾನುವಾರ. ಅದರ ಮುಂದಿನದು? ಅದೂ ಭಾನುವಾರವೇ. ವಾರಕ್ಕೂ ಏಳು ದಿನ, ಸರಪಣಿಗೂ ಏಳು ದಿನ, ಆದ್ದರಿಂದ ಅದು ತಿರುಗುವುದೇ ಇಲ್ಲ! ಒಬ್ಬಳಿಗೆ ಜನ್ಮವೆಲ್ಲಾ ಭಾನುವಾರದ ರಾತ್ರಿ, ಇನ್ನೊಬ್ಬಳಿಗೆ ಜನ್ಮವೆಲ್ಲಾ ಭಾನುವಾರದ ರಜೆ. ರಾತ್ರಿಗಳ ಸಂಖ್ಯೆ ಎಲ್ಲರಿಗೂ ಒಂದೇ ಎಂದು ವರದಿಯಲ್ಲಿ ಬರೆಯಬಹುದು, ಯಾರೂ ಸುಳ್ಳೆನ್ನಲಾರರು. ಲೆಕ್ಕದ ಮೇಷ್ಟರಾಗಿಯೂ ಇದು ನನಗೆ ಹೊಳೆಯದೆ ಹೋದದ್ದನ್ನು ಒಪ್ಪಿಕೊಳ್ಳುತ್ತೇನೆ. ಭಾನುವಾರ ರಾತ್ರಿ ಆಸ್ಪತ್ರೆಯಲ್ಲಿ ಕಳೆದವಳಿಗೆ ಕೂಡಲೇ ಹೊಳೆಯಿತು.

ಪರಿಹಾರ ಎಂಟನೆಯವರಲ್ಲಿತ್ತು. ಎಂಟು ಜನ, ಎಂಟು ದಿನದ ಸರಪಣಿ. ಎಂಟನೆಯ ದಿನಕ್ಕೆ ನಾವು "ಒತ್ತಾಸೆ" ಎಂದು ಹೆಸರಿಟ್ಟೆವು, ಅಕ್ಷರ "ಒ". ಆ ದಿನ ಆಕೆ ಬೆಳಗಿನ ಪಾಳಿಗೆ ಮೂರನೆಯವಳಾಗಿ ಬರುತ್ತಾಳೆ. ಯಾರಾದರೂ ರಜೆಯಲ್ಲಿದ್ದರೆ ಅವರ ಜಾಗಕ್ಕೆ ಹೋಗುತ್ತಾಳೆ. ಸರಪಣಿ ಈಗ ಬೆ, ಬೆ, ಮ, ಮ, ರಾ, ನಿ, ರ, ಒ. ವಾರಕ್ಕೆ ಏಳು ದಿನವೇ ಆದ್ದರಿಂದ ಪ್ರತಿ ಸುತ್ತಿಗೂ ರಾತ್ರಿ ಒಂದು ದಿನ ಮುಂದೆ ಸರಿಯುತ್ತದೆ. ಸೋಮವಾರ ಶುರುಮಾಡಿದರೆ ಆ ದಿನ ಒಂದು ಮತ್ತು ಎರಡನೆಯವರು ಬೆಳಿಗ್ಗೆ, ಮೂರು ಮತ್ತು ನಾಲ್ಕನೆಯವರು ಮಧ್ಯಾಹ್ನ, ಐದನೆಯವರು ರಾತ್ರಿ, ಆರನೆಯವರಿಗೆ ನಿದ್ದೆ, ಏಳನೆಯವರಿಗೆ ರಜೆ, ಎಂಟನೆಯವರು ಒತ್ತಾಸೆ. ಮಂಗಳವಾರ ರಾತ್ರಿ ನಾಲ್ಕನೆಯವರು, ಬುಧವಾರ ಮೂರನೆಯವರು, ಹೀಗೆ ಇಳಿಯುತ್ತಾ ಹೋಗಿ, ಐದನೆಯವರಿಗೆ ಮತ್ತೆ ರಾತ್ರಿ ಬರುವುದು ಮುಂದಿನ ವಾರದ ಮಂಗಳವಾರ. ಅದರಾಚೆಯದು ಬುಧವಾರ. ಏಳು ಸುತ್ತಿಗೆ, ಎಂದರೆ 56 ದಿನಕ್ಕೆ, ಒಬ್ಬೊಬ್ಬರಿಗೂ ಏಳು ರಾತ್ರಿ, ವಾರದ ಒಂದೊಂದು ದಿನದ್ದು ಒಂದೊಂದು. ಯಾರಿಗೂ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಸರಪಣಿಯ ಕ್ರಮವೂ ಮುಖ್ಯ. ಬೆಳಗು, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೇ ಹೋಗಬೇಕು. ತಡವಾಗಿ ಮಲಗಿ ತಡವಾಗಿ ಏಳುವುದಕ್ಕೆ ದೇಹ ಬೇಗ ಒಗ್ಗುತ್ತದೆ, ಮುಂಚೆ ಮಲಗಿ ಮುಂಚೆ ಏಳುವುದಕ್ಕೆ ತಕರಾರು ಮಾಡುತ್ತದೆ. ಗಡಿಯಾರದ ಲೆಕ್ಕವೂ ಅದನ್ನೇ ಹೇಳುತ್ತದೆ. ಬೆಳಗಿನ ಪಾಳಿ 2ಕ್ಕೆ ಮುಗಿಸಿದವಳು ಮರುದಿನ 2ಕ್ಕೆ ಬಂದರೆ ಸಾಕು, 24 ಗಂಟೆ ಬಿಡುವು. ಮಧ್ಯಾಹ್ನದ ಪಾಳಿ ರಾತ್ರಿ 8ಕ್ಕೆ ಮುಗಿಸಿದವಳು ಮರುದಿನ ರಾತ್ರಿ 8ಕ್ಕೆ, ಮತ್ತೆ 24 ಗಂಟೆ. ಹಿಂದುಮುಂದಾಗಿ ಮಧ್ಯಾಹ್ನದಿಂದ ಬೆಳಗಿಗೆ ಹಾಕಿದರೆ ರಾತ್ರಿ 8ಕ್ಕೆ ಬಿಟ್ಟವಳು ಬೆಳಿಗ್ಗೆ 8ಕ್ಕೆ ಹಾಜರಾಗಬೇಕು. ಕಾಗದದ ಮೇಲೆ 12 ಗಂಟೆ. ಚಾರ್ಜು ಒಪ್ಪಿಸಿ, ಬಸ್ಸು ಕಾದು, ಮನೆಗೆ ಹೋಗಿ ಒಲೆ ಹಚ್ಚಿ, ಬೆಳಿಗ್ಗೆ ಮತ್ತೆ ಒಲೆ ಹಚ್ಚಿ ಬಸ್ಸು ಹಿಡಿಯುವ ಹೆಂಗಸಿಗೆ ಅದರಲ್ಲಿ ನಿದ್ದೆಯ ಪಾಲೆಷ್ಟು? ನಮ್ಮ ಸರಪಣಿಯಲ್ಲಿ ರಾತ್ರಿ ಮುಗಿದ ಬೆಳಿಗ್ಗೆ 8ರಿಂದ ಒತ್ತಾಸೆಯ ಬೆಳಿಗ್ಗೆ 8ರವರೆಗೆ ಪೂರ್ತಿ 48 ಗಂಟೆ. ಮೊದಲ ಹಗಲು ನಿದ್ದೆಗೆ, ಆಮೇಲೆ ಮನೆಯಲ್ಲಿ ಒಂದು ನಿಜವಾದ ರಾತ್ರಿ, ಆಮೇಲೆ ಒಂದು ನಿಜವಾದ ಹಗಲು, ಮತ್ತೊಂದು ರಾತ್ರಿ.

ಏಳು ರಾತ್ರಿ ಒಟ್ಟಿಗೆ ಮಾಡಿದರೆ ದೇಹಕ್ಕೆ ರೂಢಿಯಾಗುತ್ತದಲ್ಲ ಎಂದು ವೈದ್ಯರೊಬ್ಬರು ನನ್ನನ್ನು ಕೇಳಿದರು. ರೂಢಿಯಾಗುವುದಿಲ್ಲ. ಹಗಲಿನ ಬೆಳಕು, ಮನೆಯವರ ಊಟದ ಹೊತ್ತು, ಎಲ್ಲವೂ ದೇಹವನ್ನು ಹಗಲಿನ ಕಡೆಗೇ ಎಳೆಯುತ್ತಿರುತ್ತವೆ. ಆದದ್ದೇನೆಂದರೆ ಒಂದೊಂದು ಹಗಲಿನ ನಿದ್ದೆಯಲ್ಲೂ ಒಂದೆರಡು ಗಂಟೆ ಸಾಲ ಉಳಿಯುತ್ತದೆ, ಏಳನೆಯ ರಾತ್ರಿಗೆ ಅದು ದೊಡ್ಡ ಸಾಲ. ಬೆಳಗಿನ ಜಾವ ಮೂರರಿಂದ ಐದರ ನಡುವೆ ದೇಹದ ಕಾವು ಇಳಿದಿರುವ ಹೊತ್ತಿನಲ್ಲಿ, ಒಬ್ಬಳೇ ದಾದಿ 24 ಮಂಚಗಳ ನಡುವೆ ಡ್ರಿಪ್ಪು ಬದಲಿಸುವಾಗ, ಆ ಸಾಲವನ್ನು ತೀರಿಸುವವರು ರೋಗಿಗಳು. ರಾತ್ರಿಗೆ ಇಬ್ಬರು ಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ಇನ್ನೂ ಎರಡು ಮೂರು ಹುದ್ದೆ ಬೇಕು. ಅದು ಇನ್ನೊಂದು ಹೋರಾಟ.

ಪಟ್ಟಿ ಬರೆಯುವುದಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ಚೌಕದ ಗೆರೆಯ ಹಾಳೆಯಲ್ಲಿ ಎಂಟು ಸಾಲು, 56 ಮನೆ. ಒಂದು ಉದ್ದನೆಯ ಕಾಗದದ ಪಟ್ಟಿಯ ಮೇಲೆ ಸರಪಣಿಯನ್ನು ಎಂಟು ಸಲ ಬರೆದುಕೊಂಡು, ಪ್ರತಿ ಸಾಲಿಗೂ ಒಂದು ಮನೆ ಎಡಕ್ಕೆ ಎಳೆದು ನಕಲು ಮಾಡಿದರಾಯಿತು. ಬರೆದ ಮೇಲೆ ಕಂಬಗಳನ್ನು ಮೇಲಿನಿಂದ ಕೆಳಕ್ಕೆ ಓದಿ. ಪ್ರತಿ ಕಂಬದಲ್ಲೂ "ಬೆ" ಎರಡು, "ಮ" ಎರಡು, ಮಿಕ್ಕವು ಒಂದೊಂದು ಇರಬೇಕು. ಇಲ್ಲದಿದ್ದರೆ ಆ ಕಂಬದಲ್ಲಿ ಕೈ ತಪ್ಪಿದೆ. ಯಾರನ್ನು ಯಾವ ಸಾಲಿಗೆ ಹಾಕಬೇಕೆಂಬುದನ್ನು ಮಾತ್ರ ಚೀಟಿ ಎತ್ತಿ ತೀರ್ಮಾನಿಸಬೇಡಿ. ಸರಪಣಿಯಲ್ಲಿ ಬೆಳಗಿನ ಜೋಡಿ, ಮಧ್ಯಾಹ್ನದ ಜೋಡಿ ಯಾವಾಗಲೂ ಅಕ್ಕಪಕ್ಕದ ಸಾಲಿನವರದೇ. ಮೊದಲನೆಯವರು ಎರಡನೆಯವರೊಡನೆಯೂ ಎಂಟನೆಯವರೊಡನೆಯೂ ಕೂಡುತ್ತಾರೆ, ಐದನೆಯವರೊಡನೆ ಎಂದೂ ಕೂಡುವುದಿಲ್ಲ. ಹೊಸಬರಿಬ್ಬರು ಅಕ್ಕಪಕ್ಕ ಬಂದರೆ ವಾರ್ಡು ಅವರಿಬ್ಬರ ಕೈಯಲ್ಲೇ ಉಳಿಯುವ ಮಧ್ಯಾಹ್ನಗಳು ಬರುತ್ತವೆ. ಪಂಕ್ತಿಯಲ್ಲಿ ಕೂರಿಸುವಂತೆ ಹಳಬರೊಬ್ಬರು, ಹೊಸಬರೊಬ್ಬರು ಎಂದು ಕೂರಿಸಬೇಕು.

ಪಟ್ಟಿ ಗೋಡೆಗೆ ಅಂಟಿದ ಮೇಲೆ ಅದನ್ನು ಕೆಡಿಸುವುದು ಜ್ವರ. ನಮ್ಮ ಮೊದಲ ವಾರದ ಬುಧವಾರವೇ ಇದು ಪರೀಕ್ಷೆಗೆ ಬಂತು. ಆ ರಾತ್ರಿ ಮೂರನೆಯ ಸಿಸ್ಟರದು. ಬೆಳಿಗ್ಗೆ 7ಕ್ಕೆ ಅವರ ಮನೆಯಿಂದ ಜ್ವರವೆಂದು ಫೋನು. ಆ ದಿನದ ಒತ್ತಾಸೆ ಆರನೆಯವರು. ಅವರನ್ನೇ ರಾತ್ರಿಗೆ ಹಾಕೋಣವೆಂದು ಎಲ್ಲರೂ ಎಂದರು. ಆದರೆ ಆರನೆಯವರಿಗೆ ಗುರುವಾರ ಬೆಳಿಗ್ಗೆ 8ಕ್ಕೆ ಪಾಳಿ. ರಾತ್ರಿ ಮುಗಿಸಿದ ಗಳಿಗೆಯಲ್ಲೇ ಮತ್ತೆ ಕೆಲಸಕ್ಕೆ ನಿಲ್ಲಬೇಕು. ಆದ್ದರಿಂದ ಒಂದು ಕೊಂಡಿ ಸುತ್ತಿ ಬರಬೇಕು. ಆರನೆಯವರು ಬೆಳಿಗ್ಗೆ ಬರುವ ಬದಲು ಮಧ್ಯಾಹ್ನ 2ಕ್ಕೆ ಎರಡನೆಯವರ ಜಾಗಕ್ಕೆ ಬಂದರು. ಎರಡನೆಯವರು ಮಧ್ಯಾಹ್ನ ಬರುವ ಬದಲು ರಾತ್ರಿ 8ಕ್ಕೆ ಬಂದರು. ಎರಡನೆಯವರಿಗೆ ಗುರುವಾರ ರಾತ್ರಿ ತಮ್ಮದೇ ಪಾಳಿ ಇದ್ದದ್ದರಿಂದ ಒಟ್ಟಿಗೆ ಎರಡು ರಾತ್ರಿಯಾಯಿತು. ನಡುವೆ 12 ಗಂಟೆ ಬಿಡುವು, ಆಮೇಲೆ ನಿದ್ದೆ, ರಜೆ ಹೇಗೂ ಇದ್ದವು. ಆರನೆಯವರಿಗೂ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ 12 ಗಂಟೆ ಸಿಕ್ಕಿತು. ಯಾರ ರಜೆಯೂ ಹೋಗಲಿಲ್ಲ.

ಇದೆಲ್ಲ ನಡೆದದ್ದು ಸುದ್ದಿ ಬೆಳಿಗ್ಗೆಯೇ ಬಂದದ್ದರಿಂದ. ಸಂಜೆ 5ಕ್ಕೆ ಬಂದಿದ್ದರೆ ಆರನೆಯವರು ಬೆಳಗಿನ ಪಾಳಿ ಮುಗಿಸಿ ಮನೆಗೆ ಹೋಗಿರುತ್ತಿದ್ದರು, ಎರಡನೆಯವರು ವಾರ್ಡಿನಲ್ಲಿರುತ್ತಿದ್ದರು. ಆಗ ಆರನೆಯವರನ್ನೇ ರಾತ್ರಿಗೆ ಕರೆದು, ಗುರುವಾರ ಬೆಳಿಗ್ಗೆ ಅವರ ಜಾಗಕ್ಕೆ ಆ ದಿನದ ಒತ್ತಾಸೆಯಾದ ಐದನೆಯವರನ್ನು ನಿಲ್ಲಿಸಬೇಕು. ಆರು ಗಂಟೆ ಮಾತ್ರ ಬಿಡುವು ಕೊಟ್ಟು ರಾತ್ರಿಗೆ ಕರೆಯುವುದು ಒಳ್ಳೆಯದಲ್ಲ. ಮಧ್ಯಾಹ್ನದವರನ್ನೇ ಹಾಗೆಯೇ ನಿಲ್ಲಿಸಿಕೊಂಡು 18 ಗಂಟೆ ದುಡಿಸುವುದು ಅದಕ್ಕಿಂತ ಕೆಟ್ಟದ್ದು. ಹಿಂದೆ ನಡೆಯುತ್ತಿದ್ದದ್ದು ಅದೇ.

ಹೆಚ್ಚು ರಾತ್ರಿ ಮಾಡಿದವರ ಲೆಕ್ಕಕ್ಕೆ ಪಟ್ಟಿಯ ಪಕ್ಕದಲ್ಲೇ ಒಂದು ಸಣ್ಣ ಪುಸ್ತಕ ತೂಗುಹಾಕಿದೆವು. ಮದುವೆಗೋ ಜಾತ್ರೆಗೋ ಅದಲುಬದಲು ಮಾಡಿಕೊಂಡ ರಾತ್ರಿಯನ್ನು ಮರಳಿ ಕೊಡಬೇಕು. ಕಾಯಿಲೆಯ ರಾತ್ರಿಯನ್ನು ಮರಳಿ ಕೊಡಬೇಕಾಗಿಲ್ಲ. ಇದರ ಮೇಲೆ ಜಗಳವೇ ಆಯಿತು. ಕಾಯಿಲೆಯೆಂದು ಸುಳ್ಳು ಹೇಳುವವರಿರುವುದಿಲ್ಲವೇ ಎಂದು ಒಬ್ಬರು ವಾದಿಸಿದರು. ಇರಬಹುದು. ಆದರೆ ಜ್ವರವನ್ನು ಸಾಲವೆಂದು ಬರೆದರೆ ಜ್ವರದಲ್ಲೇ ಪಾಳಿಗೆ ಬರುವವರು ಹೆಚ್ಚುತ್ತಾರೆ, ಅದೂ ರೋಗಿಗಳ ವಾರ್ಡಿಗೆ. ಸುಳ್ಳು ಹೇಳುವವರು ಯಾರೆಂದು ಮೂರು ತಿಂಗಳಲ್ಲಿ ಆ ಪುಸ್ತಕವೇ ಹೇಳುತ್ತದೆ, ಯಾರೂ ಪತ್ತೇದಾರಿ ಮಾಡಬೇಕಾಗಿಲ್ಲ.

ಇನ್ನು ಹಿರಿಯರ ಪ್ರಶ್ನೆ. ರಾತ್ರಿ ಮಾಡದೆ ಹತ್ತು ವರ್ಷ ಕಳೆದವರಿಗೆ ಮತ್ತೆ ರಾತ್ರಿ ಬರೆದರೆ ಅವರು ಸುಮ್ಮನಿರುವರೇ? "ನಾವೂ ಈ ವಯಸ್ಸಿನಲ್ಲಿ ಪಡಬಾರದ ಕಷ್ಟ ಪಟ್ಟೇ ಇಲ್ಲಿಗೆ ಬಂದದ್ದು, ಮೇಷ್ಟ್ರೇ. ಆಗ ನಮಗೆ ಯಾರೂ ಪಟ್ಟಿ ಬರೆದುಕೊಡಲಿಲ್ಲ" ಎಂದರು ಒಬ್ಬರು. ಆ ಮಾತಿನಲ್ಲಿ ನೋವಿದೆ, ಸುಳ್ಳಿಲ್ಲ. ಆದರೂ ತಾವು ಪಟ್ಟ ಕಷ್ಟದ ರಶೀದಿಯನ್ನು ಆಡಳಿತದ ಮುಂದೆ ಹಿಡಿಯಬೇಕೇ ಹೊರತು ಗುತ್ತಿಗೆಯ ಹುಡುಗಿಯರ ಮುಂದೆ ಹಿಡಿಯುವುದು ಸರಿಯಲ್ಲವೆಂದು ನಾನು ಹೇಳಿದೆ. ವಾರಕ್ಕೆ ಏಳು ರಾತ್ರಿಯಲ್ಲ, ಎಂಟು ದಿನಕ್ಕೊಂದು ಎಂದು ತಿಳಿದ ಮೇಲೆ ಇಬ್ಬರು ಒಪ್ಪಿದರು. ಮೂರನೆಯವರಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಅವರನ್ನು ಬಿಡಲೇಬೇಕು. ಕಾಯಿಲೆಗೆ ವಿನಾಯಿತಿ ಇರಲಿ, ಹುದ್ದೆಗೆ ಬೇಡ. ಅವರ ರಾತ್ರಿಯ ದಿನ ಅವರು ಮೂರನೆಯ ಮಧ್ಯಾಹ್ನ ಮಾಡುತ್ತಾರೆ, ಅವರ ಹಿಂದಿನ ಸಾಲಿನವರು ಆ ರಾತ್ರಿಯನ್ನೂ ಮಾಡಿ ಮರುದಿನ ತಮ್ಮದನ್ನೂ ಮಾಡುತ್ತಾರೆ. ಆದರೆ ಹಿಂದಿನ ಸಾಲಿನಲ್ಲಿ ಯಾವಾಗಲೂ ಒಬ್ಬರೇ ಇದ್ದರೆ ಆ ಹೊರೆಯೆಲ್ಲಾ ಅವರದೇ! ಅದಕ್ಕೆ 56 ದಿನಕ್ಕೊಮ್ಮೆ ಅವರಿಬ್ಬರ ಸಾಲು ಬದಲಾಗುತ್ತದೆ. ಮುಂದಿನವರು ಒತ್ತಾಸೆಯಲ್ಲೂ ಹಿಂದಿನವರು ರಜೆಯಲ್ಲೂ ಇರುವ ದಿನ ಇದನ್ನು ಮಾಡಿದರೆ ಮುಂದಿನವರು ಮರುದಿನವೂ ಒತ್ತಾಸೆ ಮಾಡುತ್ತಾರೆ, ಹಿಂದಿನವರು ನೇರವಾಗಿ ಬೆಳಗಿಗೆ ಬರುತ್ತಾರೆ, ಯಾರ ನಿದ್ದೆಗೂ ಕುಂದಿಲ್ಲ. ಒಂದು ವರ್ಷ ಚಿಲ್ಲರೆಯಲ್ಲಿ ಹೊರೆ ಏಳು ಜನರ ಮೇಲೂ ಹೋಗಿ ಬರುತ್ತದೆ. ಹೊಸಬರು ಹಳಬರ ಜೋಡಿಯನ್ನು ಪ್ರತಿ ಸಲವೂ ಒಮ್ಮೆ ನೋಡಿಕೊಳ್ಳಬೇಕು, ಅಷ್ಟೆ.

ವೈದ್ಯಾಧಿಕಾರಿಗಳ ಆಕ್ಷೇಪಣೆಯನ್ನು ಮುಚ್ಚಿಡುವುದು ಸರಿಯಲ್ಲ, ಏಕೆಂದರೆ ಅದರಲ್ಲಿ ಹುರುಳಿತ್ತು. ಹಳೆಯ ಪಟ್ಟಿಯಲ್ಲಿ ಎಂಟು ಜನರಿಂದ ವಾರಕ್ಕೆ 336 ಗಂಟೆ ಕೆಲಸ ಸಿಗುತ್ತಿತ್ತು. ಹೊಸದರಲ್ಲಿ ಒಬ್ಬೊಬ್ಬರದು ಎಂಟು ದಿನಕ್ಕೆ 42 ಗಂಟೆ, ವಾರಕ್ಕೆ ಎಲ್ಲರದೂ ಸೇರಿ 294. "42 ಗಂಟೆ ಎಲ್ಲಿಗೆ ಹೋಯಿತು?" ಎಂದು ಅವರು ಕೇಳಿದರು. ನಿದ್ದೆಗೆ ಹೋಯಿತು ಎಂದೆ. ಹಳೆಯ ಪಟ್ಟಿಯಲ್ಲಿ ಬೆಳಿಗ್ಗೆ ನಾಲ್ವರಿರುತ್ತಿದ್ದರು, ಹೊಸದರಲ್ಲಿ ಮೂವರು, ಯಾರಾದರೂ ರಜೆ ಹೋದರೆ ಇಬ್ಬರು. ಬೆಳಗಿನ ಹೊತ್ತು ಡಾಕ್ಟರ ರೌಂಡು, ಇಂಜೆಕ್ಷನ್ನು, ಡ್ರೆಸಿಂಗು, ಮನೆಗೆ ಹೋಗುವವರ ಕಾಗದಪತ್ರ ಎಲ್ಲವೂ ಒಟ್ಟಿಗೆ ಬೀಳುತ್ತವೆ. ಇಬ್ಬರಿಂದ ಕಷ್ಟವೇ. ಮೇಲ್ವಿಚಾರಣೆಯ ಸಿಸ್ಟರು ಬೆಳಿಗ್ಗೆ ಮೇಜಿನಿಂದ ಎದ್ದು ಕೈಹಚ್ಚಬೇಕೆಂದು ಒಪ್ಪಂದವಾಯಿತು. ಡಿಸ್ಚಾರ್ಜಿನ ಬರವಣಿಗೆಯನ್ನು ಮಧ್ಯಾಹ್ನಕ್ಕೆ ಸರಿಸಿದರು. ರಜೆಗೆ ಒಂದು ದಿನಕ್ಕೆ ಒಬ್ಬರೇ ಎಂಬ ಕಟ್ಟು ನಾವೂ ಒಪ್ಪಿಕೊಂಡೆವು. ವರ್ಷಕ್ಕೆ 365 ಒತ್ತಾಸೆ ದಿನಗಳಿವೆ, ತಲೆಗೆ 45. ರಜೆಗಳು ಹರಡಿಕೊಂಡು ಬಂದರೆ ಧಾರಾಳ. ಯುಗಾದಿಗೂ ದೀಪಾವಳಿಗೂ ಎಲ್ಲರೂ ಒಟ್ಟಿಗೆ ಕೇಳಿದರೆ ಸಾಲದು. ಹಬ್ಬದ ದಿನ ಯಾರು ಉಳಿದರೆಂದು ಆ ಸಣ್ಣ ಪುಸ್ತಕದಲ್ಲೇ ಇನ್ನೊಂದು ಪುಟ ತೆರೆದಿದ್ದೇವೆ. ರಂಜಾನಿಗೆ, ಕ್ರಿಸ್ಮಸ್ಸಿಗೆ ಬಿಡುವು ಬೇಕಾದವರು ದೀಪಾವಳಿಗೆ ತಾವಾಗಿ ಮುಂದೆ ಬಂದರು.

ದಾದಿಯರದೇ ಒಂದು ದೂರು ಉಳಿದಿದೆ. 56 ದಿನದಲ್ಲಿ ಎಂಟು ಭಾನುವಾರ. ಅವುಗಳಲ್ಲಿ ಪೂರ್ತಿ ರಜೆಯ ಭಾನುವಾರ ಒಬ್ಬೊಬ್ಬರಿಗೆ ಒಂದೇ, ನಿದ್ದೆಯದು ಇನ್ನೊಂದು. ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಇದು ಸಣ್ಣ ಮಾತಲ್ಲ. ನಾನು ಇದಕ್ಕೆ ಉತ್ತರ ಕಂಡಿಲ್ಲ. ಮಕ್ಕಳಿಲ್ಲದ ಒಬ್ಬರು ತಮ್ಮ ಭಾನುವಾರವನ್ನು ಮಂಗಳವಾರಕ್ಕೆ ಬದಲಿಸಿಕೊಡಲು ಒಪ್ಪುವುದುಂಟು. ಅದು ಅವರ ಒಳ್ಳೆಯತನ, ಪಟ್ಟಿಯ ಗುಣವಲ್ಲ.

ಈಗ ಎದುರಿಗೆ ಬಂದಿರುವುದು ಬೇರೆ. ಮೂರನೆಯ ಸಿಸ್ಟರಿಗೆ ಐದನೆಯ ತಿಂಗಳು. 2017ರ ತಿದ್ದುಪಡಿಯಂತೆ ಹೆರಿಗೆಯ ರಜೆ 26 ವಾರ. ಅದು ಅವರ ಹಕ್ಕು, ಯಾರೂ ಗೊಣಗಬಾರದು. ಆದರೆ ಬದಲಿಗೆ ಒಬ್ಬರನ್ನು ಕೊಡದಿದ್ದರೆ ನಾವು ಎಂಟರಿಂದ ಏಳಕ್ಕೆ ಇಳಿಯುತ್ತೇವೆ. ಒತ್ತಾಸೆ ಹೋಗುತ್ತದೆ, ಯಾರೂ ರಜೆ ಕೇಳುವಂತಿಲ್ಲ, ಜೊತೆಗೆ ಆ ತಿರುಗದ ಭಾನುವಾರವೂ ಮರಳಿ ಬರುತ್ತದೆ. ಭಾನುವಾರಕ್ಕೆ ಒಂದು ಉಪಾಯ ಸಿಕ್ಕಿದೆ. ನಾಲ್ಕು ವಾರಕ್ಕೊಂದು ಭಾನುವಾರ ಎಲ್ಲರೂ ಶನಿವಾರ ಮಾಡಿದ್ದನ್ನೇ ಮತ್ತೆ ಮಾಡುವುದು. ರಾತ್ರಿ ಮಾಡಿದವರು ಮತ್ತೆ ರಾತ್ರಿ, ರಜೆಯಲ್ಲಿದ್ದವರಿಗೆ ಮತ್ತೆ ರಜೆ. ಅದರಿಂದ ಸರಪಣಿ ಒಂದು ದಿನ ಜರುಗಿ, 28 ವಾರದಲ್ಲಿ ಎಲ್ಲರ ರಾತ್ರಿಯೂ ವಾರದ ಎಲ್ಲಾ ದಿನಗಳನ್ನೂ ಸುತ್ತುತ್ತದೆ. ಒತ್ತಾಸೆಗೆ ಮಾತ್ರ ಯಾವ ಉಪಾಯವೂ ಇಲ್ಲ, ಒಬ್ಬ ಮನುಷ್ಯರೇ ಬೇಕು. ಬದಲಿ ಸಿಸ್ಟರಿಗಾಗಿ ಅರ್ಜಿ ಹೋಗಿ ಆರು ವಾರವಾಯಿತು. ಅರ್ಜಿಯ ಜೊತೆಗೆ ಏಳು ಜನರ ಪಟ್ಟಿಯನ್ನೂ, ಅದರಲ್ಲಿ ಒಬ್ಬರಿಗೆ ಜ್ವರ ಬಂದರೆ ಆ ರಾತ್ರಿ ಯಾರು ಎಂಬ ಪ್ರಶ್ನೆಯನ್ನೂ ಕೆಂಪು ಶಾಯಿಯಲ್ಲಿ ಬರೆದು ಲಗತ್ತಿಸಿದ್ದೇವೆ.